ಕಾರಿಡಾರಿನಲ್ಲಿ ಎದುರಾದವರಿಗೆ ಎಷ್ಟು ನಗಬೇಕು?

ನನ್ನ ಅಕ್ಕನ ಮಗ ತಿಪಟೂರಿನಲ್ಲಿ ಬೆಳೆದವನು. ಮೂರು ವರ್ಷಗಳ ಹಿಂದೆ ಕೆಲಸ ಸಿಕ್ಕಿ ಅಮೆರಿಕಕ್ಕೆ ಹೋದ. ಚಿಕಾಗೊದಿಂದ ಕಾರಿನಲ್ಲಿ ಕೆಲವು ತಾಸು ದೂರದ, ಸುತ್ತಲೂ ಮೆಕ್ಕೆಜೋಳದ ಹೊಲಗಳಿರುವ ಒಂದು ಸಣ್ಣ ಊರು. ಆರನೇ ವಾರದಲ್ಲಿ ಅವನ ಮೇಲಧಿಕಾರಿ ಅವನನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಮೃದುವಾಗಿ ಕೇಳಿದರಂತೆ: ‘ನಿನಗೆ ಇಲ್ಲಿ ಏನಾದರೂ ಬೇಸರವಾಗಿದೆಯಾ? ತಂಡದವರಿಗೆ ಹಾಗನ್ನಿಸುತ್ತಿದೆ.’

ಅವತ್ತು ರಾತ್ರಿ ಅವನು ನನಗೆ ಫೋನು ಮಾಡಿದ. ‘ಮಾವ, ನಾನು ಯಾರ ಹತ್ರಾನೂ ಒಂದು ಮಾತು ಜೋರಾಗಿ ಆಡಿಲ್ಲ. ಕೆಲಸ ಎಲ್ಲಾ ಟೈಮಿಗೆ ಮುಗ್ಸಿದೀನಿ. ಏನ್ ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ತಿಲ್ಲ.’

ನಾನು ಹಿಂದೆ ಅದೇ ಭಾಗದ ಒಂದು ಊರಿನಲ್ಲಿ ಓದಿದ್ದೆ. ಹಾಗಾಗಿ ಅವನ ದಿನ ಹೇಗೆ ಸಾಗುತ್ತದೆಂದು ಬೆಳಗಿನಿಂದ ಹೇಳಿಸಿದೆ. ಕಾರಿಡಾರಿನಲ್ಲಿ ಯಾರಾದರೂ ಎದುರು ಬಂದರೆ ನೆಲ ನೋಡಿಕೊಂಡೋ ಫೋನು ನೋಡಿಕೊಂಡೋ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಅದು ಅವನ ಪಾಲಿಗೆ ದಾರಿ ಬಿಡುವ ಮರ್ಯಾದೆ. ಮೇಲಧಿಕಾರಿ ಮಾತಾಡುವಾಗ ಕಣ್ಣು ತಗ್ಗಿಸಿ ತಲೆಯಾಡಿಸುತ್ತಿದ್ದ. ಅದೂ ಮರ್ಯಾದೆಯೇ. ಮೊದಲ ವಾರ ಯಾರೋ ‘ಹೌ ಆರ್ ಯೂ’ ಎಂದಾಗ ನಿಂತು, ಇನ್ನೂ ನಿದ್ದೆ ಹೊಂದಿಕೊಂಡಿಲ್ಲ ಎಂದು ಹೇಳತೊಡಗಿದ. ಕೇಳಿದವರು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರು. ಉತ್ತರ ಬೇಡದ ಮೇಲೆ ಪ್ರಶ್ನೆ ಯಾಕೆ ಎಂದು ನೊಂದುಕೊಂಡು, ಆಮೇಲೆ ಉತ್ತರ ಕೊಡುವುದನ್ನೇ ನಿಲ್ಲಿಸಿದ. ಇನ್ನು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವರು ಏನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಎಂದು ಕುತೂಹಲದಿಂದ ನೋಡುತ್ತಾ ಕೂತಿರುತ್ತಿದ್ದ.

ಅವನ ತಪ್ಪು ಯಾವುದೂ ಇರಲಿಲ್ಲ. ಆದರೆ ಅವನ ದೇಹ ಒಂದು ಭಾಷೆಯಲ್ಲಿ ಮಾತಾಡುತ್ತಿತ್ತು, ಸುತ್ತಲಿನವರು ಅದನ್ನು ಇನ್ನೊಂದು ಭಾಷೆಯಲ್ಲಿ ಓದುತ್ತಿದ್ದರು.

ಎರಡು ನಿಯಮ, ತಿರುಗುಮುರುಗು

ನಮ್ಮೂರುಗಳಲ್ಲಿ ಕಣ್ಣಿನ ವಿಷಯಕ್ಕೆ ಎರಡು ನಿಯಮಗಳಿವೆ. ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಒಂದು, ದೊಡ್ಡವರೆದುರು ಕಣ್ಣು ತಗ್ಗಬೇಕು. ಮೇಷ್ಟರು ಬೈಯುವಾಗ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಹುಡುಗನಿಗೆ ‘ಏನೋ ದುರುಗುಟ್ಟಿಕೊಂಡು ನೋಡ್ತೀಯ’ ಎಂದು ಇನ್ನೊಂದೇಟು ಬೀಳುತ್ತಿತ್ತು. ಎರಡು, ಅಪರಿಚಿತರನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಬಸ್ಸಿನಲ್ಲಿ ಎದುರು ಸೀಟಿನವರು ಯಾರು, ಎಲ್ಲಿಗೆ ಹೊರಟಿದ್ದಾರೆ, ಚೀಲದಲ್ಲಿ ಏನಿದೆ ಎಂದು ನೋಡುವುದರಲ್ಲಿ ಕೇಡಿನ ಉದ್ದೇಶವಿಲ್ಲ. ಆದರೆ ನೋಡುತ್ತೇವೆ, ನಗುವುದಿಲ್ಲ. ಗುರುತಿಲ್ಲದವರಿಗೆ ನಕ್ಕರೆ ಅದಕ್ಕೊಂದು ಕಾರಣ ಇರಲೇಬೇಕು ಎಂದು ನಾವು ಭಾವಿಸುತ್ತೇವೆ.

ಅಮೆರಿಕದ ಆ ಭಾಗದಲ್ಲಿ ಈ ಎರಡೂ ತಲೆಕೆಳಗು. ಮೇಲಿನವರು ಮಾತಾಡುವಾಗ ಅವರ ಕಣ್ಣು ನೋಡಬೇಕು. ನೋಡದವನು ಏನೋ ಮುಚ್ಚಿಡುತ್ತಿದ್ದಾನೆ ಅಥವಾ ಅವನಿಗೆ ತನ್ನ ಮೇಲೇ ಭರವಸೆಯಿಲ್ಲ ಎಂದು ಅರ್ಥ. ಅಪರಿಚಿತರನ್ನಾದರೋ ಒಂದು ಕ್ಷಣ ಮಾತ್ರ ನೋಡಬೇಕು, ನೋಡಿದರೆ ಒಂದಿಷ್ಟು ನಗಬೇಕು. ನಗದೆ ನೋಡುತ್ತಲೇ ಇದ್ದರೆ ಅದು ಬೆದರಿಕೆಯಂತೆ ಕಾಣುತ್ತದೆ.

‘ಅಮೆರಿಕದಲ್ಲಿ ಹೆಚ್ಚು ಕಣ್ಣು ಕೂಡಿಸಬೇಕು’ ಎಂಬ ಒಂದೇ ಸಾಲಿನ ಉಪದೇಶ ಸಾಲದಿರುವುದು ಇದಕ್ಕೇ. ಗೊತ್ತಿರುವವರನ್ನು ನಾವು ನೋಡುವುದಕ್ಕಿಂತ ಹೆಚ್ಚು, ಗೊತ್ತಿಲ್ಲದವರನ್ನು ನಾವು ನೋಡುವುದಕ್ಕಿಂತ ಕಡಿಮೆ ನೋಡಬೇಕು. ನನ್ನ ಅಳಿಯ ಕಾರಿಡಾರಿನಲ್ಲಿ ಕಡಿಮೆ ನೋಡಿದ, ಕ್ಯಾಂಟೀನಿನಲ್ಲಿ ಜಾಸ್ತಿ ನೋಡಿದ. ಎರಡೂ ಸೇರಿ ‘ಇವನಿಗೆ ನಮ್ಮ ಮೇಲೆ ಏನೋ ಅಸಮಾಧಾನ’ ಎಂಬ ಓದು ಹುಟ್ಟಿತು.

ನೋಡದೆ ಹೋದರೆ ಅವರಿಗೆ ಅಷ್ಟೇಕೆ ತಟ್ಟುತ್ತದೆ ಎಂದು ಕೇಳಬಹುದು. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಇಂಡಿಯಾನ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎರಿಕ್ ವೆಸೆಲ್‌ಮನ್ ಮತ್ತು ಸಂಗಡಿಗರು ಅದನ್ನು ನಡೆಸಿದರು. ಕ್ಯಾಂಪಸ್ಸಿನಲ್ಲಿ ನಡೆದು ಹೋಗುತ್ತಿದ್ದವರ ಎದುರಿಗೆ ಒಬ್ಬರು ಬರುತ್ತಿದ್ದರು. ಕೆಲವರ ಕಣ್ಣನ್ನು ನೋಡಿದರು, ಕೆಲವರನ್ನು ನೋಡಿ ನಕ್ಕರು, ಇನ್ನು ಕೆಲವರತ್ತ ಮುಖವಿದ್ದರೂ ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ದೃಷ್ಟಿಯನ್ನು ಅವರಾಚೆಗೆ ಹಾಯಿಸಿದರು. ಹಿಂದೆಯೇ ಬಂದ ಇನ್ನೊಬ್ಬರು ಅವರನ್ನು ತಡೆದು, ಕಳೆದ ಒಂದು ನಿಮಿಷದಲ್ಲಿ ನಿಮಗೆ ಜನರಿಂದ ಎಷ್ಟು ದೂರವಾದಂತೆ ಅನ್ನಿಸಿತು ಎಂದು ಕೇಳಿದರು. ಕಣ್ಣಿಗೆ ಕಣ್ಣು ಸಿಕ್ಕವರಿಗಿಂತ, ನಗು ಇರಲಿ ಇಲ್ಲದಿರಲಿ, ಗಾಳಿಯಂತೆ ನೋಡಿಸಿಕೊಂಡವರು ಹೆಚ್ಚು ದೂರವಾದಂತೆ ಹೇಳಿದರು. ಮತ್ತೆಂದೂ ಕಾಣದ ಅಪರಿಚಿತರ ಒಂದು ನೋಟ ಇಷ್ಟು ಮಾಡುವುದಾದರೆ, ದಿನಾ ಜೊತೆಗೆ ಕೆಲಸ ಮಾಡುವವನು ಆರು ವಾರ ನೆಲ ನೋಡಿಕೊಂಡು ಹೋದರೆ ಏನನ್ನಿಸೀತು? ‘ನೀವು ಇಲ್ಲಿದ್ದೀರಿ, ನಾನು ಕಂಡೆ’ ಎನ್ನುವುದೇ ಅಲ್ಲಿ ಮುಖ್ಯ ಮಾತು. ನಗು ಅದಕ್ಕೆ ಹಾಕುವ ಸಹಿ.

ಹನ್ನೊಂದು ಸೆಕೆಂಡಿನ ಲೆಕ್ಕ

ಹೇಳಿದಷ್ಟು ಸುಲಭವಾಗಿ ಇದು ಬರುವುದಿಲ್ಲ, ಏಕೆಂದರೆ ಇಡೀ ಕಷ್ಟ ಇರುವುದು ಸಮಯದಲ್ಲಿ. ಅಳಿಯನ ಆಫೀಸಿನ ಕಾರಿಡಾರು ಸುಮಾರು ಮೂವತ್ತು ಮೀಟರು. ಸಾಧಾರಣವಾಗಿ ನಡೆಯುವವರು ಸೆಕೆಂಡಿಗೆ 1.4 ಮೀಟರಿನಷ್ಟು ಸಾಗುತ್ತಾರೆ. ಇಬ್ಬರು ಎದುರುಬದುರು ಬಂದರೆ ಅಂತರ ಸೆಕೆಂಡಿಗೆ 2.8 ಮೀಟರು ಕಡಿಮೆಯಾಗುತ್ತದೆ. ಎಂದರೆ ಆ ತುದಿಯಲ್ಲಿ ಒಬ್ಬರು ಕಾಣಿಸಿದ ಹೊತ್ತಿನಿಂದ ಪಕ್ಕ ದಾಟುವ ತನಕ ಇರುವುದು ಹನ್ನೊಂದು ಸೆಕೆಂಡು. ಈ ಹನ್ನೊಂದು ಸೆಕೆಂಡೂ ನೋಡುತ್ತಾ ನಗುತ್ತಾ ಬಂದರೆ ಇಬ್ಬರಿಗೂ ಕಸಿವಿಸಿ. ಹನ್ನೊಂದೂ ನೆಲ ನೋಡಿದರೆ ಅವಮಾನ.

ಆ್ಯಡಂ ಕೆಂಡನ್ ಮತ್ತು ಆ್ಯಂಡ್ರೂ ಫರ್ಬರ್ ಎಂಬ ಸಂಶೋಧಕರು ಒಂದು ಹುಟ್ಟುಹಬ್ಬದ ಕೂಟದಲ್ಲಿ ಜನ ಒಬ್ಬರನ್ನೊಬ್ಬರು ಎದುರುಗೊಳ್ಳುವುದನ್ನು ಚಿತ್ರೀಕರಿಸಿ, ಚೂರುಚೂರಾಗಿ ನೋಡಿ, 1973ರಲ್ಲಿ ಅದನ್ನು ವಿವರಿಸಿದರು. ಕಂಡಾಗ ದೂರದಿಂದಲೇ ಒಂದು ಸನ್ನೆ, ಹತ್ತಿರ ಬರುವಾಗ ಕಣ್ಣು ಬೇರೆಡೆಗೆ, ತೀರಾ ಹತ್ತಿರವಾದಾಗ ಮತ್ತೆ ಕಣ್ಣು, ನಗು, ಮಾತು. ಕಾರಿಡಾರಿನಲ್ಲಿ ಎದುರಾಗುವುದು ಇದರದೇ ಸಣ್ಣ ರೂಪ. ಅಳಿಯನಿಗೆ ನಾನು ಹೇಳಿಕೊಟ್ಟದ್ದೂ ಇಷ್ಟೇ.

ದೂರದಲ್ಲಿ ಗುರುತು ಹತ್ತಿದ ಕೂಡಲೇ ಒಂದು ಸಲ ನೋಡು. ‘ಓ, ನೀವಾ’ ಎಂಬಂತೆ ಮುಖ ಚೂರು ಬಿರಿದರೆ ಸಾಕು. ಆಮೇಲೆ ಕಣ್ಣು ಸಹಜವಾಗಿ ಬೇರೆಡೆಗೆ ಹೋಗಲಿ. ಗೋಡೆಯ ಮೇಲಿನ ನೋಟೀಸು, ಕೈಯಲ್ಲಿನ ಲೋಟ, ಏನಾದರೂ ಆಗಬಹುದು. ಈ ನಡುವಿನ ನಾಲ್ಕೈದು ಸೆಕೆಂಡು ನೋಡದಿರುವುದು ತಪ್ಪಲ್ಲ, ನೋಡದಿರುವುದೇ ರೂಢಿ. ಇನ್ನು ಮೂರು ಮೀಟರು ಇದೆ ಎನ್ನುವಾಗ ಮತ್ತೆ ನೋಡಿ, ನಕ್ಕು, ಒಂದು ಮಾತು ಹೇಳು. ದಾಟಿದ ಮೇಲೆ ಹಿಂತಿರುಗಿ ನೋಡಬೇಡ. ನಗು ತಾನಾಗಿ ಇಳಿಯಲಿ.

ಮೂರು ಮೀಟರು, ಅಂದರೆ ಸುಮಾರು ಹತ್ತು ಅಡಿ. ವಾಲ್‌ಮಾರ್ಟ್ ಅಂಗಡಿಗಳನ್ನು ಕಟ್ಟಿದ ಸ್ಯಾಮ್ ವಾಲ್ಟನ್ ತನ್ನ ನೌಕರರಿಗೆ ಇಟ್ಟ ನಿಯಮವೂ ಇದೇ: ಗಿರಾಕಿ ಹತ್ತು ಅಡಿಯೊಳಗೆ ಬಂದರೆ ಕಣ್ಣು ನೋಡಿ ಮಾತಾಡಿಸಬೇಕು, ಏನು ಬೇಕೆಂದು ಕೇಳಬೇಕು. ಅಂಗಡಿಗೆ ಬೇಕಾಗಿ ಬರೆದಿಟ್ಟ ಈ ದೂರವನ್ನು ಜನ ಓಡಾಟದಲ್ಲಿ ಹೇಳಿಸಿಕೊಳ್ಳದೆಯೇ ಪಾಲಿಸುತ್ತಾರೆ. ಅಳಿಯನಿಗೆ ಮೀಟರು ಅಳೆಯುವುದು ಆಗದ ಮಾತು. ಅವನು ಒಂದು ಗುರುತು ಕಂಡುಕೊಂಡ. ಎದುರಿನವರ ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನಲ್ಲಿ ಫೋಟೊ ಇರುವುದು ಕಾಣಿಸಿದರೆ ಅದೇ ಸಮಯ.

ಅವನ ಮೊದಲ ಪ್ರಯತ್ನಗಳು ಕೆಟ್ಟದ್ದು ಎಲ್ಲರಿಗೂ ಕೆಡುವ ಜಾಗದಲ್ಲೇ. ದೂರದಿಂದಲೇ ನಗಲು ಶುರುಮಾಡಿದ. ಹತ್ತಿರ ಬರುವ ಹೊತ್ತಿಗೆ ನಗು ಮುಖದ ಮೇಲೆ ಹೆಪ್ಪುಗಟ್ಟಿ, ಎದುರಿನವರ ಹೆಜ್ಜೆ ಸ್ವಲ್ಪ ನಿಧಾನವಾಗಿ, ಹುಬ್ಬು ಗಂಟಿಕ್ಕಿತು. ‘ಏನಾದರೂ ಬೇಕಿತ್ತಾ’ ಎಂದು ಒಬ್ಬರು ಕೇಳಿಯೂ ಬಿಟ್ಟರು. ಹೆಜ್ಜೆ ನಿಧಾನವಾದರೆ ನೀವು ಹೆಚ್ಚು ಹೊತ್ತು ನಕ್ಕಿದ್ದೀರಿ ಎಂದು ತಿಳಿಯಬೇಕು. ಮಾರನೇ ವಾರ ಅದಕ್ಕೆ ಉಲ್ಟಾ: ಸರಿಯಾದ ದೂರದಲ್ಲಿ ನಕ್ಕ, ಆದರೆ ಸ್ವಿಚ್ಚು ಆರಿಸಿದ ಹಾಗೆ ಮರುಕ್ಷಣವೇ ಮುಖ ಮೊದಲಿನಂತೆ ಮಾಡಿಕೊಂಡ. ಅದು ಬಲವಂತದ ನಗುವಿನಂತೆ ಕಾಣುತ್ತದೆ. ದಾಟಿ ಎರಡು ಹೆಜ್ಜೆ ಹೋಗುವ ತನಕ ಮುಖದಲ್ಲಿ ಅದರ ನೆರಳು ಉಳಿದರೆ ಚೆಂದ.

ಒಂದೇ ದಿನ ಅದೇ ವ್ಯಕ್ತಿ ಮೂರನೇ ಸಲ ಎದುರಾದರೆ? ಇದು ಅವನಿಗೆ ನಿಜಕ್ಕೂ ತಲೆನೋವಾಗಿತ್ತು. ಮಾತು ದಿನದ ಮೊದಲ ಸಲಕ್ಕೆ ಮಾತ್ರ. ಎರಡನೆಯದಕ್ಕೆ ಬರೀ ನಗು, ಮೂರನೆಯದಕ್ಕೆ ತುಟಿ ಮುಚ್ಚಿದ ಕಿರುನಗೆಯೋ ತಲೆ ಅಲ್ಲಾಡಿಸುವುದೋ ಸಾಕು. ಪ್ರತಿ ಸಲವೂ ಹೊಸದಾಗಿ ‘ಹೌ ಆರ್ ಯೂ’ ಎಂದರೆ ಬೆಳಿಗ್ಗೆ ಸಿಕ್ಕಿದ್ದನ್ನು ಮರೆತಂತಾಗುತ್ತದೆ.

ಬೀದಿಯಲ್ಲಿ ಗುರುತೇ ಇಲ್ಲದವರು ಎದುರಾದರೆ ಇದು ಇನ್ನೂ ಚಿಕ್ಕದು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಬರೆದ ಪ್ರಕಾರ, ಎದುರು ಬರುವವರನ್ನು ಸುಮಾರು ಎಂಟು ಅಡಿ ದೂರದ ತನಕ ಒಮ್ಮೆ ನೋಡಿ, ದಾಟುವಾಗ ಕಣ್ಣು ಕೆಳಗಿಳಿಸುತ್ತಾರೆ. ಅವರು ಅದನ್ನು ದೀಪ ಮಂದ ಮಾಡುವುದಕ್ಕೆ ಹೋಲಿಸಿದರು. ರಾತ್ರಿ ಹೆದ್ದಾರಿಯಲ್ಲಿ ಎದುರು ಗಾಡಿ ಬಂದಾಗ ಲೈಟು ಡಿಮ್ ಮಾಡುವುದು ನಮಗೆಲ್ಲ ಗೊತ್ತು. ಎದುರು ಗಾಡಿ ಇದೆಯೆಂದು ಕಂಡಿದೆ, ಅದರ ಕಣ್ಣು ಕುಕ್ಕಬಾರದು, ಅಷ್ಟೇ. ಸಣ್ಣ ಊರುಗಳಲ್ಲಿ ಈ ನೋಟದ ಜೊತೆಗೆ ಒಂದು ಕಿರುನಗೆ ಸೇರುತ್ತದೆ.

‘ಹೌ ಆರ್ ಯೂ’ ಎಂಬ ಊಟ ಆಯ್ತಾ

ಈಗ ಅಳಿಯನನ್ನು ನೋಯಿಸಿದ ಪ್ರಶ್ನೆಗೆ ಬರೋಣ. ಉತ್ತರಕ್ಕೆ ಕಾಯದೆ ಕೇಳುವುದು ಕಪಟವಲ್ಲವೇ ಎಂಬುದು ಅವನ ದೂರು. ಅಲ್ಲಿಗೆ ಹೋದ ನಮ್ಮವರಲ್ಲಿ ಬಹಳ ಜನರ ದೂರೂ ಹೌದು.

ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ ಅರ್ಧ ಉತ್ತರ ಸಿಗುತ್ತದೆ. ಮೂರು ಮೀಟರಿನಿಂದ ಪಕ್ಕ ದಾಟುವುದಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟರಲ್ಲಿ ಯಾರೂ ಯಾರ ಕ್ಷೇಮವನ್ನೂ ವಿಚಾರಿಸಲಾರರು. ಆ ಒಂದು ಸೆಕೆಂಡಿಗೆ ಹೊಂದುವಂತೆ ಸವೆದು ಸವೆದು ಉಳಿದ ಮಾತು ಅದು.

ಉಳಿದರ್ಧ ನಮ್ಮ ಮನೆಯಲ್ಲೇ ಇದೆ. ಬೀದಿಯಲ್ಲಿ ಸಿಕ್ಕ ಪರಿಚಯದವರು ‘ಊಟ ಆಯ್ತಾ?’ ಎನ್ನುತ್ತಾರೆ. ಇವತ್ತು ಹುಳಿ ಸ್ವಲ್ಪ ಉಪ್ಪಾಗಿತ್ತು ಎಂದು ನಾವು ಶುರುಮಾಡುವುದಿಲ್ಲ. ‘ಆಯ್ತು, ನಿಮ್ದು?’ ಎಂದು ಮುಂದೆ ಹೋಗುತ್ತೇವೆ. ಆಗಿರದಿದ್ದರೂ ಎಷ್ಟೋ ಸಲ ಆಯ್ತು ಎನ್ನುತ್ತೇವೆ. ಅದನ್ನು ಯಾರೂ ಸುಳ್ಳು ಎಂದುಕೊಳ್ಳುವುದಿಲ್ಲ. ಹೊಸದಾಗಿ ಬೆಂಗಳೂರಿಗೆ ಬಂದ ವಿದೇಶೀಯರಿಗೆ ಇದು ಊಟದ ಕರೆಯೇನೋ ಅನ್ನಿಸಿದರೆ ಆಶ್ಚರ್ಯವಿಲ್ಲ. ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1923ರಲ್ಲಿ ಇಂಥ ಮಾತುಗಳಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ವಿಷಯ ತಿಳಿಸುವುದು ಅವುಗಳ ಕೆಲಸವಲ್ಲ, ಜನರ ನಡುವಿನ ನಂಟನ್ನು ಹಿಡಿದಿಡುವುದು ಅವುಗಳ ಕೆಲಸ ಎಂದರು. ‘ಹೌ ಆರ್ ಯೂ’ ಇಂಥದೇ ಮಾತು. ಅದಕ್ಕೆ ‘ಗುಡ್, ಹೌ ಆರ್ ಯೂ?’ ಎಂದರೆ ವ್ಯವಹಾರ ಮುಗಿಯಿತು.

ಹಾಗಾದರೆ ನಿಜವಾಗಿ ಕೇಳುವಾಗ ಅವರು ಹೇಗೆ ಕೇಳುತ್ತಾರೆ? ಕಾಲು ನೋಡಬೇಕು. ಕೇಳಿದವರು ನಿಂತು, ಮೈಯನ್ನು ನಿಮ್ಮತ್ತ ತಿರುಗಿಸಿದ್ದರೆ ಅದು ಪ್ರಶ್ನೆ. ನಡೆಯುತ್ತಲೇ ಇದ್ದರೆ ನಮಸ್ಕಾರ. ನಮ್ಮಲ್ಲೂ ಹಾಗೇ ತಾನೇ? ಬೀದಿಯಲ್ಲಿ ಕೇಳಿದ ‘ಊಟ ಆಯ್ತಾ’ ಬೇರೆ, ಅಡುಗೆಮನೆ ಬಾಗಿಲಲ್ಲಿ ತಟ್ಟೆ ಹಿಡಿದು ಕೇಳಿದ ‘ಊಟ ಆಯ್ತಾ’ ಬೇರೆ. ಮೇಲಧಿಕಾರಿ ಬಾಗಿಲು ಮುಚ್ಚಿ ಕೂರಿಸಿಕೊಂಡು ಕೇಳಿದ್ದು ಎರಡನೆಯ ಬಗೆಯದು. ಅಲ್ಲಿ ‘ಗುಡ್’ ಎಂದು ಎದ್ದು ಬಂದಿದ್ದರೆ ಅದೇ ತಪ್ಪಾಗುತ್ತಿತ್ತು. ಅಳಿಯ ಮರುದಿನ ಹೋಗಿ, ನಮ್ಮ ಕಡೆ ದೊಡ್ಡವರೆದುರು ಕಣ್ಣು ತಗ್ಗಿಸುವುದು ಗೌರವ, ಬೇಸರವೇನೂ ಇಲ್ಲ ಎಂದು ಬಿಡಿಸಿ ಹೇಳಿದ. ಅವರು ನೆಮ್ಮದಿಯಿಂದ ನಕ್ಕರಂತೆ. ಹೀಗೆ ಒಮ್ಮೆ ಬಾಯಿಬಿಟ್ಟು ಹೇಳುವುದರಿಂದ ಆಗುವ ಉಪಯೋಗ ತಿಂಗಳುಗಟ್ಟಲೆ ಅಭ್ಯಾಸದಿಂದಲೂ ಆಗುವುದಿಲ್ಲ.

ಎದುರು ಕೂತು ಮಾತಾಡುವಾಗಿನ ಕಣ್ಣಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಎವೆಯಿಕ್ಕದೆ ನೋಡಬೇಕೆಂದು ಎಷ್ಟೋ ಜನ ತಪ್ಪು ತಿಳಿದು ಎದುರಿನವರನ್ನು ಗಾಬರಿಗೊಳಿಸುತ್ತಾರೆ. ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಬಂದವರಿಗೆ, ತಮ್ಮನ್ನೇ ನೋಡುವ ಮುಖಗಳ ವಿಡಿಯೊ ತೋರಿಸಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜನರಿಗೆ ಹಿತವೆನಿಸಿದ ನೋಟದ ಅವಧಿ ಸರಾಸರಿ 3.3 ಸೆಕೆಂಡು. ಅಷ್ಟಾದ ಮೇಲೆ ಕಣ್ಣು ಆಚೀಚೆ ಹೋಗಿ ಬರಬಹುದು. ಕೇಳುವಾಗ ಹೆಚ್ಚು ನೋಡಬೇಕು. ತಾನು ಮಾತಾಡುವಾಗ, ಯೋಚಿಸುತ್ತಾ ಬೇರೆಡೆ ನೋಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಣ್ಣು ಪಕ್ಕಕ್ಕೆ ಹೋಗಲಿ, ಕೆಳಕ್ಕೆ ಇಳಿದು ಅಲ್ಲೇ ನಿಲ್ಲದಿರಲಿ ಎಂದಷ್ಟೇ ನಾನು ಹೇಳಿದ್ದೆ.

ಎಲ್ಲಿಗೆ ಸಲ್ಲುತ್ತದೆ, ಎಲ್ಲಿಗೆ ಸಲ್ಲುವುದಿಲ್ಲ

ಆ ನೆಲದ ಜನ ಗುರುತಿಲ್ಲದವರಿಗೂ ಯಾಕೆ ನಗುತ್ತಾರೆ ಎಂಬುದಕ್ಕೆ ಒಂದು ಸಮಂಜಸವಾದ ವಿವರಣೆಯಿದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಕಳೆದ ಐನೂರು ವರ್ಷಗಳಲ್ಲಿ ಹಲವು ದೇಶಗಳಿಂದ ಜನ ಬಂದು ನೆಲೆಸಿದ ನಾಡುಗಳನ್ನು, ಒಂದೇ ಮೂಲದ ಜನ ಹೆಚ್ಚಿರುವ ನಾಡುಗಳೊಂದಿಗೆ ಹೋಲಿಸಿತು. ಬೆರಕೆ ಹೆಚ್ಚಿದ್ದ ಕಡೆಗಳಲ್ಲಿ ಭಾವನೆಯನ್ನು ಮುಖದಲ್ಲಿ ತೋರಿಸುವುದನ್ನು ಜನ ಹೆಚ್ಚು ಒಪ್ಪುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಕಡೆ, ನನ್ನಿಂದ ನಿಮಗೆ ತೊಂದರೆಯಿಲ್ಲ ಎಂಬುದನ್ನು ಮುಖವೇ ಹೇಳಬೇಕಾಗಿ ಬಂದಿರಬಹುದು. ಇದು ಪೂರ್ತಿ ಕಾರಣವಿರಲಾರದು. ಆದರೆ ಆ ನಗು ಸ್ನೇಹದ ಕರೆಯಲ್ಲ, ನಿರ್ಭಯದ ಸೂಚನೆ ಎಂದು ತಿಳಿಯಲು ಸಹಾಯಕ. ಅಳಿಯ ಮೊದಮೊದಲು, ದಿನಾ ನಗುವವರು ಮನೆಗೆ ಕರೆಯಲಿಲ್ಲವಲ್ಲ ಎಂದು ಕೊರಗುತ್ತಿದ್ದ. ನಗು ಹೊಸಿಲ ತನಕ ಮಾತ್ರ. ಒಳಗೆ ಹೋಗುವ ದಾರಿ ಬೇರೆ: ಒಟ್ಟಿಗೆ ಊಟಕ್ಕೆ ಹೋಗುವುದು, ಆಟವಾಡುವುದು, ಮನೆ ಬದಲಿಸುವಾಗ ಸಾಮಾನು ಎತ್ತುವುದು.

ಇದೇ ನಿಯಮ ಎಲ್ಲ ಕಡೆಗೂ ಸಲ್ಲದು. ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಎಲ್ಲರಿಗೂ ನಗುತ್ತಾ ಹೋದರೆ ಜನ ದೂರ ಸರಿಯುತ್ತಾರೆ; ಸಾವಿರ ಜನರ ನಡುವೆ ಒಬ್ಬೊಬ್ಬರನ್ನೂ ಕಾಣುವುದು ಆಗದ ಕೆಲಸ. ಜರ್ಮನಿಗೆ ಹೋದವರು ಇನ್ನೊಂದು ಬಗೆ ಕಲಿಯಬೇಕು. ವೈದ್ಯರ ಕಾಯುವ ಕೋಣೆಗೆ ಕಾಲಿಟ್ಟರೆ ಕೂತವರಿಗೆಲ್ಲ ‘ಗುಟನ್ ಟಾಗ್’ ಎನ್ನಬೇಕು, ನಗಲೇಬೇಕೆಂದಿಲ್ಲ. ಅಲ್ಲಿ ‘ಹೇಗಿದ್ದೀರಿ’ ಎಂದು ಕೇಳಿದರೆ ಸಾಮಾನ್ಯವಾಗಿ ನಿಜವಾದ ಉತ್ತರವೇ ಬರುತ್ತದೆ. ಹೊಸ ಊರಿಗೆ ಹೋದ ಮೊದಲ ವಾರ ಒಂದು ಬೆಂಚಿನ ಮೇಲೆ ಕೂತು, ಅಲ್ಲಿಯವರು ತಮ್ಮತಮ್ಮೊಳಗೆ ಎದುರಾದಾಗ ಏನು ಮಾಡುತ್ತಾರೆಂದು ಗಮನಿಸುವುದು ಒಳ್ಳೆಯದು.

ಹೆಣ್ಣುಮಕ್ಕಳಿಗೆ ಇದು ಇನ್ನಷ್ಟು ಕಠಿಣ. ಗುರುತಿಲ್ಲದ ಗಂಡಸಿಗೆ ನಗಬೇಡ ಎಂಬುದನ್ನು ಅವರು ನಮ್ಮಲ್ಲಿ ತಮ್ಮ ಕಾಪಿಗಾಗಿ ಕಲಿತಿರುತ್ತಾರೆ. ಆ ಎಚ್ಚರವನ್ನು ವಿಮಾನ ಇಳಿದ ಕೂಡಲೇ ಬಿಡಬೇಕೆಂದು ಯಾರೂ ಹೇಳಬಾರದು. ಅಲ್ಲಿ ಹಗಲು ಹೊತ್ತು, ಜನರಿರುವ ಕಡೆ, ದಾಟುವಾಗಿನ ಒಂದು ಕಿರುನಗೆಗೆ ಹೆಚ್ಚಿನ ಅರ್ಥ ಹಚ್ಚುವುದಿಲ್ಲ. ಆದರೆ ಆತ ನಿಂತು, ತಿರುಗಿ, ಮಾತು ಬೆಳೆಸಿದರೆ ಅದು ಇನ್ನು ಆ ರೂಢಿಯ ಭಾಗವಲ್ಲ. ನಗು ನಿಲ್ಲಿಸಿ ನಡೆದು ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕ ಆರು ತಿಂಗಳಿಗೆಂದು ಮಗನ ಮನೆಗೆ ಹೋಗಿದ್ದಳು. ಅರವತ್ತೆರಡು ವರ್ಷ, ಇಂಗ್ಲಿಷು ಅಷ್ಟಕ್ಕಷ್ಟೆ. ಸಂಜೆ ಮನೆಯ ಸುತ್ತಿನ ರಸ್ತೆಯಲ್ಲಿ ಒಬ್ಬಳೇ ನಡೆಯಲು ಹೋದಾಗ ಎದುರು ಬಂದವರೆಲ್ಲ ನಕ್ಕು ಏನೋ ಹೇಳುತ್ತಿದ್ದರಂತೆ. ಮೊದಲ ದಿನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳಂತೆ. ಮಗ ಅವಳಿಗೆ ಹತ್ತು ಅಡಿ, ಐಡಿ ಕಾರ್ಡು ಎಲ್ಲ ಹೇಳಲಿಲ್ಲ. ‘ಊಟ ಆಯ್ತಾ ಅಂತ ಕೇಳ್ತಿದಾರೆ ಅಂದ್ಕೋ ಅಮ್ಮ, ಕೈ ಎತ್ತು, ಸಾಕು’ ಎಂದ.

ಒಂದು ತಿಂಗಳಾದ ಮೇಲೆ ನಾನು ಫೋನು ಮಾಡಿದಾಗ ಅವಳು ನಡೆಯುತ್ತಿದ್ದಳು. ಮಾತಿನ ನಡುವೆ ಒಂದು ಕ್ಷಣ ಸುಮ್ಮನಾದಳು. ಏನಾಯ್ತು ಎಂದೆ. ‘ನಾಯಿ ಹಿಡ್ಕೊಂಡು ಓಡಾಡೋ ತಾತ ಒಬ್ರು ಬಂದ್ರು ಕಣೋ, ಕೈ ಎತ್ತಿದೆ’ ಎಂದಳು. ‘ಏನ್ ಹೇಳಿದ್ರು?’ ಎಂದೆ. ‘ಅದೇ, ಹೇಗಿದೀರಿ ಅಂದಿರ್ಬೇಕು. ಅವರೂ ನಿಲ್ಲಲ್ಲ, ನಾನೂ ನಿಲ್ಲಲ್ಲ. ದಿನಾ ಇದೇ ಹೊತ್ತಿಗೆ ಸಿಗ್ತಾರೆ’ ಎಂದು, ಬಿಟ್ಟಿದ್ದ ಮಾತನ್ನು ಮುಂದುವರಿಸಿದಳು.